ಚಿತ್ರಗುಪ್ತಕ್ಕನ ಶುಕ್ರವಾರದ ನೋಟ್‌ಬುಕ್

ಗೋದಾಮಿನ ಮೇಲ್ವಿಚಾರಕಿಗೆ ಎಲ್ಲರೂ ಇಟ್ಟ ಹೆಸರು ಚಿತ್ರಗುಪ್ತಕ್ಕ. ಪ್ರತಿ ಶುಕ್ರವಾರ ಊಟಕ್ಕೆ ಮುಂಚೆ ಆ ವಾರದ ಕೆಲಸ, ಅದರ ಅಂಕಿ, ಯಾರು ಕೈಜೋಡಿಸಿದರು, ಯಾರು ಹೊಗಳಿದರು, ಯಾರು ಬೈದರು ಎಂದೆಲ್ಲ ತಾರೀಖು ಹಾಕಿ ಬರೆದಿಡುವುದು ಆಕೆಯ ಚಾಳಿ. ಅದನ್ನು ಹೆಚ್ಚು ಗೇಲಿ ಮಾಡುತ್ತಿದ್ದವನು ಪ್ಯಾಕಿಂಗ್ ವಿಭಾಗದ ಲಂಬೂ.

ಬಡ್ತಿಗೆಂದು ಕಂಪನಿ ಎಲ್ಲರಿಂದ ಹೊಸ ರೆಸ್ಯೂಮೆ ಕೇಳಿದಾಗ ಆಕೆಯದು ಅರ್ಧ ಗಂಟೆಯಲ್ಲಿ ಮುಗಿಯಿತು. ಲಂಬೂ ಮಾತ್ರ ‘ಚೆನ್ನಾಗಿ ದುಡಿದಿದ್ದೇನೆ’ ಎಂದಷ್ಟೇ ಬರೆದು, ತಲೆ ಕೆರೆದುಕೊಳ್ಳುತ್ತ ಬಂದ.

“ಅಕ್ಕಾ, ಹೋದ ವರ್ಷ ನಾನೇನ್ ಮಾಡ್ದೆ, ನಿಮಗೇನಾದ್ರೂ ನೆನಪಿದ್ಯಾ?”

ಆಕೆ ಪುಟ ತಿರುವಿದಳು. “ಮಾರ್ಚ್‌ನಲ್ಲಿ ಪೆಟ್ಟಿಗೆಗಳಿಗೆ ಊರಿಗೊಂದು ಬಣ್ಣದ ಚೀಟಿ ಅಂಟಿಸೋ ಉಪಾಯ ನಿಂದು. ತಪ್ಪು ವಿಳಾಸಕ್ಕೆ ಹೋಗ್ತಿದ್ದ ಪೆಟ್ಟಿಗೆ ತಿಂಗಳಿಗೆ ನಲವತ್ತರಿಂದ ಹನ್ನೆರಡಕ್ಕೆ ಇಳೀತು. ಬರ್ಕೋ.”

ಬರೆಯುತ್ತಿದ್ದವನ ಕಣ್ಣು ಕೆಳಗಿನ ಸಾಲಿಗೆ ಬಿತ್ತು: ‘ನೋಟ್‌ಬುಕ್ ನೋಡಿ ಲಂಬೂ ನಕ್ಕದ್ದು, ಇಲ್ಲಿಯವರೆಗೆ ಮೂವತ್ತೊಂದು ಸಲ.’

“ಅದನ್ನ ಬಿಡು,” ಎಂದಳು ಆಕೆ. “ಅದು ನನ್ನ ರೆಸ್ಯೂಮೆಗೆ. ತಾಳ್ಮೆಗೆ ಪುರಾವೆ ಬೇಕಲ್ಲ.”