ಮೂರು ಚಿಪ್ಪಿನ ಗುಂಡಿಗಳು

ಐವತ್ತರ ದಶಕದಲ್ಲಿ ಗುಂಡ್ಲುಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ನಮ್ಮ ಯಜಮಾನರು ಅಂಗಿ ಹೊಲಿದು ಅಲ್ಲೂ ತೆರಕಣಾಂಬಿ ಸಂತೆಯಲ್ಲೂ ಮಾರುತ್ತಿದ್ದರು. ಬಟ್ಟೆ, ಹೊಲಿಗೆ ಮಿಷನ್ನು ಎರಡೂ ಚಾಮರಾಜನಗರದ ಸಾಹುಕಾರರವು. ನಾನು ಬಾಗಿಲ ಪರದೆಯ ಹಿಂದೆ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದೆ. ಅಂಗಿಗೆ ಮೂರೇ ಅಳತೆ: ಚಿಕ್ಕದು, ನಡುವಿನದು, ದೊಡ್ಡದು.

ಯಜಮಾನರು ಹೆಚ್ಚಾಗಿ ನಡುವಿನದನ್ನೇ ಕತ್ತರಿಸುತ್ತಿದ್ದರು; ಒಂದು ಸಲ ಅವೇ ಮಾರದೆ ರಾಶಿ ಉಳಿದವು. ಸಾಹುಕಾರರು ಗಂಟು ಬಿಚ್ಚಿ ನೋಡಿ, ಮಿಷನ್ನಿನ ಮೇಲೆ ಕೈಯಿಟ್ಟರು.

"ಇನ್ನೊಂದು ಥಾನು ಬಟ್ಟೆ ಕೊಡ್ತೀನಿ. ಈ ಸಲಾನೂ ಹಿಂಗೇ ಉಳಿದ್ರೆ ಮಿಷನ್ ಗಾಡಿಗೆ ಹಾಕ್ಕೊಂಡು ಹೋಯ್ತೀನಿ."

ಗದರಲಿಲ್ಲ. ಅದಕ್ಕೇ ನನಗೆ ಆ ಮಾತು ನಿಜವೆನಿಸಿತು.

ಮಾರನೆಯ ದಿನದಿಂದ ಮೂರು ತೆಂಗಿನ ಚಿಪ್ಪು ಇಟ್ಟುಕೊಂಡೆ, ಒಂದೊಂದು ಅಳತೆಗೆ ಒಂದೊಂದು. ಹೊರಗೆ ಯಾರಾದರೂ ಅಂಗಿ ಕೇಳಿದರೆ ಆ ಅಳತೆಯ ಚಿಪ್ಪಿಗೊಂದು ಗುಂಡಿ. ಕೊಂಡವರದಷ್ಟೇ ಅಲ್ಲ, ಇಲ್ಲವೆನಿಸಿಕೊಂಡು ಬರಿಗೈಲಿ ಹೋದವರದೂ.

ಹಂಗಳದ ರೈತನೊಬ್ಬ ಬಂದ. "ದೊಡ್ಡದು ಕೊಡಣ್ಣ."

"ನಿನ್ ಮೈಗೆ ನಡುವಿಂದೇ ಸರಿ ಕಣಯ್ಯ," ಎಂದರು ಯಜಮಾನರು. "ದೊಡ್ಡದ್ರಲ್ಲಿ ನಿನ್ ಹೆಂಡ್ತೀನೂ ಹಿಡೀತಾಳೆ."

"ಒಂದ್ಸಲ ಒಗುದ್ರೆ ಕುಗ್ಗೋಯ್ತದೆ, ಆಗ ಎಂಡ್ತೀನ ಎಲ್ಲಿಗ್ ಕಳಿಸ್ಲಿ? ದೊಡ್ಡದಿದ್ರೆ ಕೊಡು, ಇಲ್ದಿದ್ರೆ ಓಯ್ತೀನಿ."

ಹೋದ. ನಾನು ದೊಡ್ಡದರ ಚಿಪ್ಪಿಗೆ ಗುಂಡಿ ಹಾಕಿದೆ.

ಥಾನು ಕತ್ತರಿಸುವ ದಿನ ಎಣಿಸಿ ಯಜಮಾನರಿಗೆ ಹೇಳಿದೆ. ಚಿಕ್ಕದು ಹನ್ನೊಂದು, ನಡುವಿನದು ಆರು, ದೊಡ್ಡದು ಹತ್ತೊಂಬತ್ತು.

"ಕೆಲವರು ಚಿಕ್ಕದು, ಕೆಲವರು ದೊಡ್ಡದು ಅಂದ್ರೆ ನಡುವಿಂದೇ ಸರಿಯಲ್ವೇ?" ಎಂದರು. "ಇಬ್ರಿಗೂ ಆಯ್ತದೆ."

"ಇಬ್ರಿಗೂ ಆಗಲ್ಲ," ಎಂದೆ. "ಒಬ್ಬನಿಗೆ ದೊಗಲೆ, ಇನ್ನೊಬ್ಬನಿಗೆ ಬಿಗಿ. ನೀವು ಅವರ ಮೈ ನೋಡ್ತೀರಿ. ಅವರು ಕೇಳೋದನ್ನ ನೋಡಿ. ಎಲ್ಲಕ್ಕಿಂತ ಹೆಚ್ಚು ಕೇಳಿದ್ದು ದೊಡ್ಡದು."

"ಹಂಗಾರೆ ಎಲ್ಲಾನೂ ದೊಡ್ಡದೇ ಕತ್ತರಿಸ್ಲಾ?"

"ಬೇಡ. ಉಳಿದವರೂ ಕೇಳಿದ್ದಾರಲ್ಲ. ದೊಡ್ಡದು ಹೆಚ್ಚಿರಲಿ, ಅಷ್ಟೆ."

ಅವರು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದರು. ಕತ್ತರಿಸಿದ ಬಟ್ಟೆ ಮತ್ತೆ ಥಾನಾಗುವುದಿಲ್ಲ. ಕೊನೆಗೆ ಇಪ್ಪತ್ತು ಅಂಗಿ ಕತ್ತರಿಸಿದರು: ಹನ್ನೊಂದು ದೊಡ್ಡವು, ಆರು ಚಿಕ್ಕವು, ಮೂರು ನಡುವಿನವು. ಕತ್ತರಿಯ ಮೊದಲ ಸದ್ದಿಗೆ ನಾನು ಕಣ್ಣು ಮುಚ್ಚಿಕೊಂಡೆ. ತಪ್ಪಾಗಿದ್ದರೆ ಅದು ನನ್ನ ಎಣಿಕೆಯ ತಪ್ಪು. ಆ ಮೂವತ್ತಾರು ಜನ ಕೇಳಿದ್ದನ್ನೇ ಸಂತೆಯವರೂ ಕೇಳುತ್ತಾರೆಂದು ಯಾರು ಹೇಳಿದ್ದರು?

ಸಂತೆಯ ದಿನ ಯಜಮಾನರು ಹೊಸ ಇಪ್ಪತ್ತು ಅಂಗಿಗಳನ್ನಷ್ಟೇ ಗಂಟು ಕಟ್ಟಿಕೊಂಡು ಹೊರಟರು. ಮಧ್ಯಾಹ್ನವೇ ಸಾಹುಕಾರರ ಗಾಡಿ ಬಂದು ಮನೆಯ ಮುಂದೆ ನಿಂತಿತು. ಅವರು ಮಿಷನ್ನಿನ ಪಕ್ಕದಲ್ಲೇ ಕೂತರು. ಸಂಜೆಯ ಬಸ್ಸಿಗೆ ಯಜಮಾನರು ಬಂದರು. ಗಂಟು ಚಿಕ್ಕದಾಗಿತ್ತು. ಆದರೂ ನಾನು ಪರದೆಯ ಹಿಂದಿನಿಂದ ಹೊರಬರಲಿಲ್ಲ.

ಸಾಹುಕಾರರೇ ಬಿಚ್ಚಿದರು. ಒಂದು ಚಿಕ್ಕದು, ಎರಡು ನಡುವಿನವು. ಅಳತೆ ನೋಡಲು ಮೂರನ್ನೂ ಒಂದರ ಮೇಲೊಂದು ಹಾಸಿದರು.

"ದೊಡ್ಡದೊಂದೂ ಇಲ್ವಲ್ಲ?"

"ಮೊದ್ಲು ಖಾಲಿಯಾಗಿದ್ದೇ ಅವು. ಆಮೇಲೂ ಕೇಳ್ತಾನೇ ಇದ್ರು."

ಸಾಹುಕಾರರು ಎದ್ದು ಹೊರಗೆ ಹೋದರು. ಗಾಡಿಯಿಂದ ಇಳಿದದ್ದು ಹೊಸ ಥಾನು. ನಾನು ಹೊಸ ಎಣಿಕೆಗೆಂದು ಮೂರು ಚಿಪ್ಪುಗಳನ್ನೂ ಬರಿದು ಮಾಡಿ ಮತ್ತೆ ಪಕ್ಕದಲ್ಲಿಟ್ಟುಕೊಂಡೆ. ಸುರಿಯುವ ಅವಸರದಲ್ಲಿ ಗುಂಡಿಗಳು ನೆಲದ ಮೇಲೆಲ್ಲ ಚೆಲ್ಲಿಹೋದವು.