ಬನಶಂಕರಿ ಸಿಗ್ನಲ್ಲಿನ ಮೂಕ ಬೋರ್ಡು

ಜಯನಗರದ ಸಣ್ಣದೊಂದು ಜಾಹೀರಾತು ಏಜೆನ್ಸಿಯಲ್ಲಿ ನಾನು ಕೆಲಸಕ್ಕಿದ್ದಾಗ, ಕತ್ರಿಗುಪ್ಪೆಯಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ದಂಪತಿ ನಮ್ಮ ಗಿರಾಕಿಗಳು. ಗಂಡ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕೆಲಸ ಬಿಟ್ಟು ಇದ್ದಬದ್ದದ್ದನ್ನೆಲ್ಲ ಅದಕ್ಕೇ ಸುರಿದಿದ್ದರು. ವ್ಯಾಪಾರ ಕುಂಟುತ್ತಿತ್ತು. ಪೇಪರು, ಎಫ್ಎಂ ರೇಡಿಯೋ, ಬನಶಂಕರಿ ಸಿಗ್ನಲ್ಲಿನ ಹೋರ್ಡಿಂಗು, ಈ ಮೂರು ಕಡೆಯ ಜಾಹೀರಾತಿಗೂ ದುಡ್ಡು ಸಾಲದೆ ಒಂದನ್ನು ಬಿಡದೆ ಗತಿಯಿರಲಿಲ್ಲ. ತಪ್ಪಾದದ್ದನ್ನು ಬಿಟ್ಟರೆ ಅಂಗಡಿಯೇ ಹೋಗುತ್ತಿತ್ತು.

ನಮ್ಮ ಬಾಸ್ ಮೂರು ಜಾಹೀರಾತಿಗೂ ಬೇರೆಬೇರೆ ಫೋನ್ ನಂಬರ್ ಕೊಡಿಸಿದರು. ಯಾವ ಫೋನ್ ಹೊಡೆದುಕೊಂಡಿತೋ ಗಿರಾಕಿ ಆ ಜಾಹೀರಾತಿನಿಂದ ಬಂದ ಎಂದು ಲೆಕ್ಕ. ವೆಬ್‌ಸೈಟ್ ವಿಳಾಸದ ಕೊನೆಗೂ ಒಂದೊಂದಕ್ಕೆ ಒಂದೊಂದು ಪುಟ್ಟ ಕೋಡು ಅಂಟಿಸಿದೆವು. ಜನ ಮಹಾನುಭಾವರು, ಅಂಗಡಿ ಹೆಸರಷ್ಟೇ ಟೈಪ್ ಮಾಡಿ ಕೋಡನ್ನು ಬಿಟ್ಟೇಬಿಡುತ್ತಿದ್ದರು. ಆ ಎಣಿಕೆ ನೀರಿನಲ್ಲಿ ಮಾಡಿದ ಹೋಮವಾಯಿತು.

ಉಳಿದದ್ದು ಫೋನು. ಪೇಪರಿನದು ದಿನವಿಡೀ ಬಡಿದುಕೊಳ್ಳುತ್ತಿತ್ತು, ರೇಡಿಯೋದ್ದು ಆಗೀಗ. ಹೋರ್ಡಿಂಗಿನದು ಸತ್ತಂತೆ ಬಿದ್ದಿತ್ತು.

ಫೋನ್ ಎತ್ತುತ್ತಿದ್ದದ್ದು ಹೆಂಡತಿ. ಆಕೆಗೊಂದು ಅಭ್ಯಾಸ, ನಮ್ಮ ವಿಷಯ ಎಲ್ಲಿ ನೋಡಿದಿರಿ ಎಂದು ಎಲ್ಲರನ್ನೂ ಕೇಳುತ್ತಿದ್ದರು. ಪೇಪರಿನ ಫೋನಿಗೆ ಬಂದವರಲ್ಲೂ ಬಹಳ ಮಂದಿ ಸಿಗ್ನಲ್ಲಿನ ಬೋರ್ಡಿನಲ್ಲಿ ಎನ್ನುತ್ತಿದ್ದರಂತೆ. ಅಲ್ರೀ, ಹಿಂದಿನವನು ಹಾರನ್ ಬಾರಿಸುವಾಗ ಸ್ಕೂಟರ್ ಮೇಲೆ ಕೂತು ನಂಬರ್ ಬರೆದುಕೊಳ್ಳುವುದುಂಟೆ? ಹೆಸರು ನೆನಪಿಟ್ಟುಕೊಂಡು ಮನೆಗೆ ಹೋಗಿ, ಪೇಪರ್ ಹುಡುಕಿ, ಅಲ್ಲಿದ್ದ ನಂಬರಿಗೆ ಮಾಡುತ್ತಿದ್ದರು. ಕೆಲಸ ಬೋರ್ಡಿನದು, ಹೆಸರು ಪೇಪರಿನದು.

ಆಕೆ ಇದನ್ನು ಗಂಡನಿಗೂ ನನಗೂ ಹೇಳಿದರು. ನಾನು ಬಾಸ್‌ಗೆ ಹೇಳಿದೆ, ಜಗಳವನ್ನೂ ಆಡಿದೆ. ಕೋಣನ ಮುಂದೆ ಕಿನ್ನರಿ.

"ಜನ ಬಾಯಿಗೆ ಬಂದಿದ್ದು ಹೇಳ್ತಾರೆ, ಫೋನ್ ಸುಳ್ಳು ಹೇಳಲ್ಲ," ಎಂದರು ಬಾಸ್.

ಗಂಡನಿಗೂ ಅದೇ ಸರಿ ಕಂಡಿತು. ಬೋರ್ಡು ಇಳಿಯಿತು.

ಕೆಲವೇ ವಾರಗಳಲ್ಲಿ ಪೇಪರಿನ ಫೋನೂ ತಣ್ಣಗಾಯಿತು. ಗಾಬರಿಬಿದ್ದು ಆ ಜಾಗ ಮತ್ತೆ ಹಿಡಿಯಲು ಓಡಿದರೆ, ಅಷ್ಟರಲ್ಲಿ ಇನ್ನೊಬ್ಬ ಹಾಸಿಗೆಯವನ ಬೋರ್ಡು ಅಲ್ಲಿ ಕೂತಿತ್ತು. ಮತ್ತೆ ಬಿಡಿಸಿಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಆಮೇಲಿನದ್ದು ಬರೀ ಇಳಿಜಾರು.

ಕೊನೆಯ ಸಲ ನಾನು ಹೋದಾಗ ಪೇಪರಿನ ಫೋನ್ ರಿಂಗಾಯಿತು. ಆ ದಿನಕ್ಕೆ ಅದೇ ಮೊದಲ ಕರೆ ಎನ್ನುತ್ತ ಗಂಡನೇ ಎತ್ತಿದರು. ಆ ಕಡೆಯ ದನಿ ನನಗೂ ಕೇಳುತ್ತಿತ್ತು.

"ಸಾರ್, ಸಿಗ್ನಲ್ ಹತ್ರ ನಿಮ್ಮ ಬೋರ್ಡ್ ಕಾಣ್ತಾ ಇಲ್ವಲ್ಲ, ಅಂಗಡಿ ಮುಚ್ಚಿಬಿಟ್ರಾ?"

ಅವರು ಹೆಂಡತಿಯ ಮುಖ ನೋಡಿದರು. ಆಕೆ ತಲೆ ಎತ್ತಲಿಲ್ಲ, ಹಾಸಿಗೆಗಳಿಗೆ ಹಗ್ಗ ಬಿಗಿಯುತ್ತಲೇ ಇದ್ದರು.

"ಹೂಂ ಸಾರ್," ಎಂದರು ಅವರು. "ಮುಚ್ತಾ ಇದೀವಿ."