ಕತ್ತರಿ ಟೀಚರ್ ತೆಗೆದುಹಾಕಿದ ಪಾತ್ರ

ನಮ್ಮ ಶಾಲೆಯ ಭಾಷಾ ಟೀಚರಿಗೆ ಮಕ್ಕಳು ಇಟ್ಟ ಹೆಸರು ಕತ್ತರಿ ಟೀಚರ್. ಎಂಥ ಕಥೆ ಕೊಟ್ಟರೂ ವಾರ್ಷಿಕೋತ್ಸವಕ್ಕೆ ಹತ್ತು ನಿಮಿಷದ ನಾಟಕ ಮಾಡಿ ಕೈಗಿಡುತ್ತಿದ್ದರು. ಕಥೆ ಮೂರು ಕಡೆ ನಡೆದರೆ ಇಲ್ಲಿ ಒಂದೇ ಕೋಣೆ, ಮೂರು ದಿನ ನಡೆದರೆ ಒಂದೇ ಸಂಜೆ. ‘ಅವಳಿಗೆ ಭಯವಾಯಿತು’ ಎಂಬ ಸಾಲು ಅವರ ಕೈಯಲ್ಲಿ ಬಾಗಿಲ ಚಿಲಕವನ್ನು ಎರಡೆರಡು ಸಲ ನೋಡುವ ಹುಡುಗಿಯಾಗುತ್ತಿತ್ತು. ರಂಗಕ್ಕೆ ಬಣ್ಣ ಬಳಿಯುವುದು, ಪರದೆ ಎಳೆಯುವುದು ಡ್ರಾಯಿಂಗ್ ಮೇಷ್ಟ್ರಾದ ನನ್ನ ಪಾಲು. ಇಪ್ಪತ್ತೆರಡು ವರ್ಷ ಅವರ ಹತ್ತಿರ ಬೈಸಿಕೊಂಡಿದ್ದೇನೆ, ಅವರ ಬಗ್ಗೆ ಹೇಳುವ ಹಕ್ಕು ನನಗಿದೆ.

ಮನೆಯಲ್ಲಿ ಅವರು, ಅವರ ತಾಯಿ ಇಬ್ಬರೇ. ಅಕ್ಕ ಒಬ್ಬಳಿದ್ದಳು. ಟೀಚರಿಗೆ ಏಳು ವರ್ಷವಾಗಿದ್ದಾಗ ಒಂದು ಸಂಜೆ ಮನೆಯಿಂದ ಹೊರಟವಳು ಮತ್ತೆ ಬರಲಿಲ್ಲ, ಹೆಣವೂ ಸಿಗಲಿಲ್ಲ. ಗೇಟು ಸದ್ದಾದರೆ ಆ ಮುದುಕಿ ಈಗಲೂ ಎದ್ದು ನೋಡುತ್ತಾರೆ. ಅವರಿಗೆ ಓದಲು ಬಾರದು, ಆದರೆ ಮಗಳ ನಾಟಕಕ್ಕೆ ಪ್ರತಿ ವರ್ಷ ಮುಂದಿನ ಸಾಲಿನಲ್ಲಿ ಹಾಜರು.

ಈ ಸಲ ಹೆಡ್‌ಮಿಸ್ ಒಂದು ಹಳೆಯ ಶಾಲಾ ಸಂಚಿಕೆ ಹಿಡಿದು ಬಂದರು. “ಇದರಲ್ಲಿ ನಿಮ್ಮದೇ ಕಥೆ ಇದೆಯಲ್ರೀ! ಇದನ್ನೇ ಆಡಿಸಿ.” ಟೀಚರ್ ಎಷ್ಟು ತಪ್ಪಿಸಿಕೊಂಡರೂ ಹೆಡ್‌ಮಿಸ್ ಪಟ್ಟು ಬಿಡಲಿಲ್ಲ.

ನಾನೂ ಓದಿದೆ. ಕಾಣೆಯಾದ ಹುಡುಗಿಯನ್ನು ಅಮ್ಮ, ಅಪ್ಪ, ಪಕ್ಕದ ಮನೆಯಾಕೆ ಹುಡುಕುತ್ತಾರೆ. ಕೊನೆಗೆ ಪುಟ್ಟ ತಂಗಿ ಬಾಯಿಬಿಡುತ್ತಾಳೆ: ಅವಳು ಹೋದದ್ದನ್ನು ನಾನು ನೋಡಿದೆ. ಊರಿಗೆಲ್ಲ ಅಚ್ಚು ಹಾಕಿಸಿ ಹೇಳಿದ್ದನ್ನು ಈ ಹೆಂಗಸು ಓದಲು ಬಾರದ ತಾಯಿಗೆ ಮಾತ್ರ ಹೇಳಿರಲಿಲ್ಲ.

ನಾಟಕದ ಪ್ರತಿಯಲ್ಲಿ ತಂಗಿಯೇ ಇರಲಿಲ್ಲ.

“ಡ್ಯಾನ್ಸಿನವರು ಎಲ್ಲರನ್ನೂ ಬಾಚ್ಕೊಂಡು ಹೋದ್ರು. ನನಗೆ ಉಳಿದಿರೋದು ಮೂರೇ ಮಕ್ಕಳು” ಅಂದರು ಟೀಚರ್.

“ಪಕ್ಕದ ಮನೆಯಾಕೆ ನಾಲ್ಕನೇ ನಿಮಿಷಕ್ಕೆ ಒಳಗೆ ಹೋಗ್ತಾಳಲ್ಲ ಟೀಚರೇ. ಶಾಲು ತೆಗೆಸಿ, ಎರಡು ಜಡೆ ಹಾಕಿದ್ರೆ ಅವಳೇ ತಂಗಿ. ನೀವೇ ಎಷ್ಟು ಸಲ ಹೀಗೆ ಮಾಡಿಸಿಲ್ಲ?”

“ನೀವು ಪರದೆ ನೋಡ್ಕೊಳ್ಳಿ ಮೇಷ್ಟ್ರೇ.”

ಪ್ರತಿ ಓದಿದರೆ ಸರಿಯಾಗಿ ಒಂಬತ್ತೂವರೆ ನಿಮಿಷ. ಆದರೆ ಅಭ್ಯಾಸದಲ್ಲಿ ದಿನವೂ ಹತ್ತೂ ಕಾಲು. ಮುಕ್ಕಾಲು ನಿಮಿಷ ಎಲ್ಲಿ ಸೋರುತ್ತಿದೆ ಎಂದು ಟೀಚರ್ ಗಡಿಯಾರ ಹಿಡಿದು ನೋಡಿದರು. “ಯಾರೂ ನೋಡ್ಲಿಲ್ವಾ?” ಎಂದು ಅಮ್ಮನ ಪಾತ್ರದ ಹುಡುಗಿ ಕೇಳುತ್ತಾಳೆ. ಅಷ್ಟೇ, ಅಮ್ಮ, ಅಪ್ಪ ಇಬ್ಬರೂ ಬಲಗಡೆ ಖಾಲಿ ಜಾಗಕ್ಕೆ ಕಣ್ಣು ನೆಟ್ಟು ನಿಂತುಬಿಡುತ್ತಾರೆ. ಒಂದು ಮಗುವಿನ ಎತ್ತರಕ್ಕೆ ನೋಟ ಇಳಿಸಿ.

“ಯಾಕೆ ಸುಮ್ನೆ ನಿಲ್ತೀರಿ?” ಟೀಚರ್ ರೇಗಿದರು.

“ಸುಮ್ನೆ ಎಲ್ಲಿ ಟೀಚರ್?” ಆ ಹುಡುಗಿ ಕಣ್ಣು ಪಿಳಿಪಿಳಿ ಮಾಡಿದಳು. “ಪುಟ್ಟಿ ಮಾತು ಮುಗೀಲಿ ಅಂತ ಕಾಯ್ತೀವಿ.”

ಮಕ್ಕಳಿಗೆ ಯಾರೂ ಮೂಲ ಕಥೆ ತೋರಿಸಿರಲಿಲ್ಲ. ಸಂಚಿಕೆ ನನ್ನ ಬೀರುವಿನಲ್ಲಿತ್ತು, ಬೀಗದ ಕೈ ನನ್ನ ಜೇಬಿನಲ್ಲಿ. ನಾನು ಧೈರ್ಯವಂತನೇನಲ್ಲ, ಅಂದಿನಿಂದ ರಂಗದ ಬಲಗಡೆ ಒಬ್ಬನೇ ಬಣ್ಣ ಬಳಿಯಲಿಲ್ಲ. ಟೀಚರ್ ಆ ಪ್ರಶ್ನೆಯನ್ನೇ ಹೊಡೆದುಹಾಕಿದರು. ಮರುದಿನ ಹುಡುಗಿ ಅದನ್ನೇ ಮತ್ತೆ ಕೇಳಿದಳು. ತಾನು ಕೇಳಲೇ ಇಲ್ಲ ಎಂದು ಅತ್ತಳು.

ಉತ್ಸವದ ದಿನ ಸಭಾಂಗಣ ಕಿಕ್ಕಿರಿದಿತ್ತು. ತಾಯಿ ಮುಂದಿನ ಸಾಲಿನಲ್ಲಿ, ಕೋಲನ್ನು ಮೊಣಕಾಲ ನಡುವೆ ಇಟ್ಟುಕೊಂಡು. ಮಾತು ಮರೆತವರಿಗೆ ನೆನಪಿಸಲು ಟೀಚರ್ ಪ್ರತಿ ಹಿಡಿದು ಬಲಗಡೆಯ ಮರೆಯಲ್ಲಿ ನಿಂತರು. ನಾನು ಎದುರಿನ ಮರೆಯಲ್ಲಿ, ಪರದೆಯ ಹಗ್ಗ ಹಿಡಿದು.

“ಯಾರೂ ನೋಡ್ಲಿಲ್ವಾ?”

ಮಕ್ಕಳು ಬಲಕ್ಕೆ ತಿರುಗಿದರು. ಸಭೆಯೂ ತಿರುಗಿತು. ಹತ್ತು ನಿಮಿಷ ಮೀರಿದರೆ ಪರದೆ ಎಳೆಯಿರಿ ಎಂದು ಹೆಡ್‌ಮಿಸ್ ಹೇಳಿದ್ದರು. ನಾನು ಎಳೆಯಲಿಲ್ಲ. ಎದುರಿಗೆ ಟೀಚರ್ ಪ್ರತಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಅವರೂ ಸೊಂಟದೆತ್ತರದ ಯಾವುದನ್ನೋ ನೋಡುತ್ತಿದ್ದರು.

ಆಮೇಲೆ ಅವರ ಬಾಯಿಂದ ಮಾತು ಬಂತು. ದನಿ ಏಳು ವರ್ಷದ ಮಗುವಿನದು, ದೇವರಾಣೆ, ನಾನು ಕೇಳಿದ್ದೇನೆ.

“ನಾನು ನೋಡಿದೆ. ಹೇಳ್ಬೇಡ ಅಂದ್ಲು. ಅದಕ್ಕೇ ಹೇಳ್ಲಿಲ್ಲ.”

ಮಕ್ಕಳು ತಮ್ಮ ಮುಂದಿನ ಮಾತಿಗೆ ಬಾಯಿ ತೆರೆದರು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೋಲು ಊರಿದ ಸದ್ದಾಯಿತು. ತಾಯಿ ಎದ್ದು ನಿಂತಿದ್ದರು. ಅಳಲಿಲ್ಲ, ಬೈಯಲಿಲ್ಲ. ನಲವತ್ತೈದು ವರ್ಷ ತಡವಾಗಿದ್ದರೂ ಈಗ ಓಡಿದರೆ ಸಿಕ್ಕಾಳು ಎಂಬ ಅವಸರ ಆ ದನಿಯಲ್ಲಿತ್ತು.

“ಯಾವ ಕಡೆ ಹೋದ್ಲೇ?”

ಟೀಚರ್ ಮರೆಯಿಂದ ಬೆಳಕಿಗೆ ಬಂದು ಕೈ ಎತ್ತಿದರು.

“ಕೆರೆ ಕಡೆಗೆ, ಅಮ್ಮಾ.”